ಕ್ರೆಶ್‌ನ ಔಷಧಿ ಫಾರಂ: ‘5 ಎಂಎಲ್ ಕೊಡಿ’ ಅಂದರೆ ಸಾಲದು

ಕಾರವಾರದ ನಮ್ಮ ಕ್ರೆಶ್‌ಗೆ ಬರುವವರು ಒಂದರಿಂದ ಮೂರು ವರ್ಷದ ಮಕ್ಕಳು. ಮಳೆ ಹಿಡಿಯಿತು ಅಂದರೆ ಊಟದ ಡಬ್ಬಿಯ ಜೊತೆ ಜ್ವರದ ಬಾಟಲಿಯೂ ಚೀಲದಲ್ಲಿ ಬರುತ್ತದೆ. ಅದಕ್ಕೆ ಮನೆಯವರದೊಂದು ಚೀಟಿ: ‘ಜ್ವರ ಬಂದರೆ 5 ಎಂಎಲ್ ಕೊಡಿ’. ಈ ಚೀಟಿಯನ್ನು ನಂಬಿ ಔಷಧಿ ಕೊಡೋಕಾಗಲ್ಲ ಅಂತಲೇ ನಾನು ಒಂದು ಫಾರಂ ಮಾಡಿದೆ.

ಪ್ಯಾರಾಸಿಟಮಾಲ್ ಒಂದೇ ಆದರೂ ಬಾಟಲಿಗಳು ಬೇರೆ ಬೇರೆ. ಒಂದು ಸಿರಪ್‌ನಲ್ಲಿ 5 ಎಂಎಲ್‌ಗೆ 125 ಎಂಜಿ ಇರುತ್ತದೆ. ಇನ್ನೊಂದರಲ್ಲಿ ಅಷ್ಟೇ ಸಿರಪ್‌ಗೆ 250 ಎಂಜಿ. ಡ್ರಾಪ್ಸ್ ಆದರೆ ಒಂದೇ ಎಂಎಲ್‌ನಲ್ಲಿ 100 ಎಂಜಿ. ಬಣ್ಣ, ವಾಸನೆ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದಕ್ಕೇ ಫಾರಂನಲ್ಲಿ ಎಂಎಲ್ ಕೇಳುವ ಮೊದಲು ಎರಡು ಸಾಲು ಇಟ್ಟೆ. ಬಾಟಲಿಯ ಮೇಲೆ ಎಷ್ಟು ಎಂಎಲ್‌ಗೆ ಎಷ್ಟು ಎಂಜಿ ಅಂತಿದೆ, ಮತ್ತು ಡಾಕ್ಟರ ಚೀಟಿಯಲ್ಲಿ ಎಷ್ಟಿದೆ. ಎರಡನ್ನೂ ನೋಡಿಯೇ ಬರೆಯಬೇಕು, ನೆನಪಿನಿಂದಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಹತ್ತು ಕಿಲೋ ತೂಕದ ಮಗು. ಡಾಕ್ಟರು 125ರ ಸಿರಪ್ ಬರೆದು, ಒಂದು ಸಲಕ್ಕೆ 6 ಎಂಎಲ್ ಅಂದಿದ್ದರು. ಅಂದರೆ 150 ಎಂಜಿ. ಕಿಲೋಗೆ 15 ಎಂಜಿ ಲೆಕ್ಕಕ್ಕೆ ಸರಿಯಾಗಿದೆ. ಆದರೆ ಚೀಲದಲ್ಲಿ ಬಂದದ್ದು ಅಣ್ಣನಿಗೆ ತಂದಿದ್ದ 250ರ ಬಾಟಲಿ! ಅದರಿಂದ 6 ಎಂಎಲ್ ಹಾಕಿದರೆ 300 ಎಂಜಿ, ಸರಿಯಾಗಿ ಎರಡು ಪಟ್ಟು. ಡ್ರಾಪ್ಸ್ ಆಗಿದ್ದರೆ ನಾಲ್ಕು ಪಟ್ಟು. ಫಾರಂನ ಎರಡು ಸಾಲು ಹೊಂದದ್ದು ನೋಡಿ ನಮ್ಮ ಕ್ರೆಶ್‌ನ ಅಕ್ಕ ಬಾಗಿಲಲ್ಲೇ ಬಾಟಲಿ ವಾಪಸ್ ಕೊಟ್ಟರು. ‘ಹಾಗಾದರೆ 3 ಎಂಎಲ್ ಕೊಟ್ಟರಾಯಿತು’ ಅಂತ ನಾವೇ ಲೆಕ್ಕ ಹಾಕಿ ಕೊಡುವುದಿಲ್ಲ. ಲೆಕ್ಕ ಬರುವುದು ತಪ್ಪು ಹಿಡಿಯೋಕೆ, ಡೋಸ್ ಬದಲಿಸೋಕಲ್ಲ. ಆ ಮಗುವಿನ ಹೆಸರಿನದೇ, ಡಾಕ್ಟರ ಚೀಟಿಯಲ್ಲಿರುವ ಬಾಟಲಿಯೇ ಬೇಕು. ಚಮಚದ ಅಳತೆಯೂ ಬೇಡ. ಸೂಜಿಯಿಲ್ಲದ ಸಿರಿಂಜ್ ಅಥವಾ ಬಾಟಲಿಯ ಜೊತೆ ಬಂದ ಅಳತೆ ಮುಚ್ಚಳ ಸಾಕು.

ಇನ್ನೊಂದು ಸಾಲು ನನಗೆ ಎಲ್ಲಕ್ಕಿಂತ ಮುಖ್ಯ: ‘ಇವತ್ತು ಮನೆಯಲ್ಲಿ ಕೊನೆಯ ಸಲ ಔಷಧಿ ಕೊಟ್ಟದ್ದು ಎಷ್ಟು ಗಂಟೆಗೆ?’ ನಮ್ಮಲ್ಲಿ ಅಮ್ಮ ರಾತ್ರಿ ಸಹಿ ಹಾಕಿಟ್ಟು ಬೆಳಿಗ್ಗೆ ಬೇಗ ಕೈಗಾ ಬಸ್ಸು ಹತ್ತಿರುತ್ತಾರೆ. ಮಗುವನ್ನು ಬಿಡಲು ಬರುವವರು ಅಜ್ಜಿ. ಹಾಗಾಗಿ ಈ ಸಾಲನ್ನು ಮಾತ್ರ ರಾತ್ರಿ ತುಂಬುವಂತಿಲ್ಲ. ಬಾಗಿಲಲ್ಲಿ ಅಜ್ಜಿಯನ್ನೇ ಕೇಳಿ, ಬೇಕಾದರೆ ಕೊಂಕಣಿಯಲ್ಲೇ ಕೇಳಿ, ನಾವೇ ಬರೆದುಕೊಳ್ಳುತ್ತೇವೆ. ‘ಔಷಧಿ ಕೊಟ್ಟಿದ್ದೀರಾ?’ ಅಂದರೆ ಅವರು ಸುಮ್ನೆ ತಲೆ ಆಡಿಸಿ ಹೋಗುತ್ತಾರೆ. ‘ಬೆಳಿಗ್ಗೆಯಿಂದ ಏನೇನು ಕೊಟ್ಟಿರಿ ಅಜ್ಜಿ?’ ಅಂದರೆ ಕಷಾಯದಿಂದ ಹಿಡಿದು ನೆಗಡಿ ಸಿರಪ್‌ವರೆಗೆ ಎಲ್ಲ ಹೊರಗೆ ಬರುತ್ತದೆ. ಕೆಲವು ನೆಗಡಿ ಸಿರಪ್‌ಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದಲ್ವಾ, ಅದು ಲೆಕ್ಕಕ್ಕೆ ಬರಲೇಬೇಕು.

ಅದೇ ಮಗುವಿಗೆ ಮನೆಯಲ್ಲಿ 7.30ಕ್ಕೆ ಡೋಸ್ ಆಗಿದೆ ಅಂದುಕೊಳ್ಳಿ. ಡಾಕ್ಟರ ಚೀಟಿಯಲ್ಲಿ ‘ಜ್ವರ ಇದ್ದರೆ, ಆರು ಗಂಟೆಗೊಮ್ಮೆ’ ಅಂತಿದೆ. ಆಗಲೇ ಫಾರಂನಲ್ಲಿ ‘1.30ರ ಮೊದಲು ಬೇಡ’ ಅಂತ ಕೆಂಪು ಪೆನ್ನಿನಲ್ಲಿ ಬರೆದಿಡುತ್ತೇವೆ. ಹನ್ನೊಂದಕ್ಕೆ ಮೈ ಸುಟ್ಟರೂ ಬಾಟಲಿ ತೆಗೆಯುವುದಿಲ್ಲ. ಥರ್ಮಾಮೀಟರ್ ಇಟ್ಟು, ತೆಳು ಬಟ್ಟೆ ಹಾಕಿ, ನೀರು ಕುಡಿಸಿ, ಅಮ್ಮನಿಗೆ ಫೋನ್ ಮಾಡುತ್ತೇವೆ. ಮಗು ಮಂಕಾಗಿದ್ದರೆ, ನೀರೂ ಬೇಡ ಅಂದರೆ, ಗಂಟೆ ನೋಡುತ್ತಾ ಕೂರದೆ ಡಾಕ್ಟರ ಹತ್ತಿರ.

ಕೊಡುವಾಗ ಇಬ್ಬರು ಇರಬೇಕು. ಒಬ್ಬರು ಅಳೆಯುತ್ತಾರೆ, ಇನ್ನೊಬ್ಬರು ಮಗುವಿನ ಹೆಸರು, ಬಾಟಲಿ, ಸಿರಿಂಜಿನ ಗೆರೆ ಓದಿ ಹೇಳುತ್ತಾರೆ. ಸಹಿ ಮಗು ನುಂಗಿದ ಮೇಲೆ, ಮೊದಲಲ್ಲ. ಮೊದಲೇ ಸಹಿಯಾಗಿ ಮಗು ಉಗಿದುಬಿಟ್ಟರೆ ದಾಖಲೆಯೇ ಸುಳ್ಳಾಗುತ್ತದೆ. ಈ ವಯಸ್ಸಿನವರು ಉಗಿಯುವುದು ಜಾಸ್ತಿ! ಅದಕ್ಕೇ ಕೊನೆಯಲ್ಲಿ ‘ಏನಾಯಿತು’ ಅಂತ ಒಂದು ಅಗಲವಾದ ಕಾಲಂ. ‘ಅರ್ಧ ಉಗಿದಳು, 1.40’, ‘ಹತ್ತು ನಿಮಿಷಕ್ಕೆ ವಾಂತಿ’ ಅಂತ ಇದ್ದದ್ದು ಇದ್ದ ಹಾಗೆ ಬರೆಯುತ್ತೇವೆ. ಎಷ್ಟು ಒಳಗೆ ಹೋಯಿತು ಅಂತ ನಮಗೆ ತಿಳಿಯದು, ಆದ್ದರಿಂದ ಕೇಳದೆ ಮತ್ತೆ ಕೊಡುವುದಿಲ್ಲ. ಕೊಡದೇ ಬಿಟ್ಟ ಡೋಸ್‌ಗೂ ಕಾರಣ ಬರೆಯಬೇಕು. ಖಾಲಿ ಬಿಟ್ಟರೆ ಕೊಡಲಿಲ್ಲವೋ, ಕೊಟ್ಟು ಬರೆಯಲು ಮರೆತರೋ ಗೊತ್ತಾಗುವುದಿಲ್ಲ. ಸಂಜೆ ಕರೆದುಕೊಂಡು ಹೋಗುವವರಿಗೆ ಆ ಸಾಲು ಓದಿ ಹೇಳಿ, ಫೋಟೋವನ್ನು ಅಮ್ಮನ ವಾಟ್ಸಾಪ್‌ಗೆ ಹಾಕುತ್ತೇವೆ. ರಾತ್ರಿಯ ಡೋಸ್ ಅದನ್ನು ನೋಡಿಯೇ ಆಗಬೇಕು. 24 ಗಂಟೆಯಲ್ಲಿ ನಾಲ್ಕಕ್ಕಿಂತ ಜಾಸ್ತಿ ಆಗಬಾರದು.

ಡಾಕ್ಟರ ಚೀಟಿಯಿಲ್ಲದ ಕೆಮ್ಮು-ನೆಗಡಿ ಸಿರಪ್ ನಾವು ತೆಗೆದುಕೊಳ್ಳುವುದೇ ಇಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಅವನ್ನು ಕೊಡಬಾರದು ಅಂತ 2025ರ ಅಕ್ಟೋಬರಿನಲ್ಲಿ ಕೇಂದ್ರದ ಆರೋಗ್ಯ ಇಲಾಖೆಯೇ ಸೂಚನೆ ಕೊಟ್ಟಿದೆ. ಆ್ಯಂಟಿಬಯಾಟಿಕ್ ವಿಷಯದಲ್ಲಿ ಬೇರೆ ಉಪಾಯ. ದಿನಕ್ಕೆ ಎರಡೇ ಸಲ ಕೊಡುವಂಥದ್ದು ಇದೆಯಾ ಅಂತ ಡಾಕ್ಟರನ್ನು ಕೇಳಿ ಬನ್ನಿ ಅನ್ನುತ್ತೇನೆ. ಇದ್ದರೆ ಬೆಳಿಗ್ಗೆ, ರಾತ್ರಿ ಮನೆಯಲ್ಲೇ ಮುಗಿಯುತ್ತದೆ, ಫಾರಂ ತುಂಬುವ ಕೆಲಸವೇ ಇಲ್ಲ.