ಒಂದೇ ವೈಫೈ ಹೆಸರು, ಆದರೂ ನಿಧಾನದ ಬ್ಯಾಂಡನ್ನೇ ಹಿಡಿದು ಕೂತರೆ?

ರೌಟರ್ ಪಕ್ಕದಲ್ಲೇ ಲ್ಯಾಪ್‌ಟಾಪ್. ಸಿಗ್ನಲ್ ಪೂರ್ತಿ ಇದೆ. ಆದರೆ ಫೈಲ್ ಇಳಿಯುವುದು ಆಮೆಯ ಹಾಗೆ. ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತಿತ್ತು. ರೌಟರ್ ಮತ್ತೆ ಆನ್ ಆದಾಗಲೆಲ್ಲ ಅದೇ ಕಥೆ.

ನನ್ನ ರೌಟರ್ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡನ್ನೂ ಒಂದೇ ಹೆಸರಿನಲ್ಲಿ ಬಿಡುತ್ತದೆ. 2.4 ನಿಧಾನ, 5 ವೇಗ. ಮೊದಲು ನೀವು ಯಾವ ಬ್ಯಾಂಡಿನಲ್ಲಿದ್ದೀರಿ ನೋಡಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಟೈಪ್ ಮಾಡಿ:

```
netsh wlan show interfaces
```

Channel ಎಂಬ ಸಾಲಿನಲ್ಲಿ 1ರಿಂದ 14ರೊಳಗಿನ ಸಂಖ್ಯೆ ಇದ್ದರೆ ಅದು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್. 36 ಅಥವಾ ಮೇಲಿದ್ದರೆ ಸಾಮಾನ್ಯವಾಗಿ 5. ನನ್ನದರಲ್ಲಿ 6 ಇತ್ತು, Receive rate 144. ವೈಫೈ ಆಫ್-ಆನ್ ಮಾಡಿದ ಮೇಲೆ ಚಾನೆಲ್ 52, ವೇಗ 866.

ಆ 52ರಲ್ಲೇ ಗುಟ್ಟು ಇತ್ತು. 52ರಿಂದ 144ರವರೆಗಿನ ಚಾನೆಲ್‌ಗಳನ್ನು ರಾಡಾರ್‌ಗಳೂ ಬಳಸುತ್ತವೆ. ಹಾಗಾಗಿ ರೌಟರ್ ಅಲ್ಲಿ ಮಾತಾಡುವ ಮುಂಚೆ ಕನಿಷ್ಠ 60 ಸೆಕೆಂಡ್ ಸುಮ್ನೆ ಕಿವಿಗೊಟ್ಟು ಕೇಳಬೇಕು. 2.4ಕ್ಕೆ ಈ ಕಾಯುವಿಕೆ ಇಲ್ಲ, ಅದು ಮೊದಲೇ ಎದ್ದು ಕೂರುತ್ತದೆ. ಹೆಸರು ಒಂದೇ ಅಲ್ವಾ? ಲ್ಯಾಪ್‌ಟಾಪ್ ಸಿಕ್ಕಿದ್ದನ್ನು ಹಿಡಿಯುತ್ತದೆ. ಒಂದು ನಿಮಿಷದ ನಂತರ 5 ಬಂದರೂ, ಕೈಯಲ್ಲಿರುವ ಸಿಗ್ನಲ್ ಚೆನ್ನಾಗಿದೆ ಎಂದು ಅದು ಬೇರೆ ಹುಡುಕುವುದೇ ಇಲ್ಲ. ಯಾವ ಬ್ಯಾಂಡ್ ಎಂದು ಕೊನೆಗೆ ತೀರ್ಮಾನಿಸುವುದು ಲ್ಯಾಪ್‌ಟಾಪೇ. ರೌಟರಿನ ಬ್ಯಾಂಡ್ ಸ್ಟೀರಿಂಗ್ ಅದನ್ನು 5ರ ಕಡೆಗೆ ತಳ್ಳಿ ನೋಡಬಹುದು ಅಷ್ಟೇ.

ಈಗ ರಿಪೇರಿ. ರೌಟರ್ ಸೆಟ್ಟಿಂಗ್‌ನಲ್ಲಿ 5 ಗಿಗಾಹರ್ಟ್ಸ್ ಚಾನೆಲ್ Auto ಇದ್ದರೆ ತೆಗೆದು 36 ಕೊಡಿ, ಅಗಲ 80 ಮೆಗಾಹರ್ಟ್ಸ್ ಇಡಿ. 160 ಇಟ್ಟರೆ ಅದು 64ರವರೆಗೂ ಚಾಚಿ ಮತ್ತೆ ರಾಡಾರ್ ಜಾಗಕ್ಕೇ ಹೋಗುತ್ತದೆ. ಇದನ್ನು ಎಷ್ಟೋ ಜನ ಮರೆಯುತ್ತಾರೆ.

ನಂತರ 2.4ರ ಟ್ರಾನ್ಸ್‌ಮಿಟ್ ಪವರ್ ಒಂದು ಮೆಟ್ಟಿಲು ಇಳಿಸಿ. ಒಂದೇ ಶಕ್ತಿಯಲ್ಲಿ ಬಿಟ್ಟರೆ ಅದರ ಸಿಗ್ನಲ್ ಸಾಮಾನ್ಯವಾಗಿ 5ಕ್ಕಿಂತ ಜೋರಾಗಿ ಕಾಣುತ್ತದೆ, ಗೋಡೆ ಅಡ್ಡ ಬಂದರೆ ಇನ್ನೂ ಜಾಸ್ತಿ. ಆದರೆ ತೀರಾ ಇಳಿಸಬೇಡಿ. 2.4 ಮಾತ್ರ ಗೊತ್ತಿರುವ ಸ್ಮಾರ್ಟ್ ಬಲ್ಬು ಮೂಲೆಯ ಕೋಣೆಯಲ್ಲಿದ್ದರೆ ಸಂಪರ್ಕ ಕಡಿದುಹೋಗುತ್ತದೆ.

ಲ್ಯಾಪ್‌ಟಾಪ್ ಇನ್ನೂ ಹಟ ಮಾಡಿದರೆ Device Managerನಲ್ಲಿ ವೈಫೈ ಅಡಾಪ್ಟರ್ ಮೇಲೆ ಬಲ ಕ್ಲಿಕ್ ಮಾಡಿ, Properties, Advanced ತೆರೆಯಿರಿ. ಅಲ್ಲಿ Preferred Band ಇದ್ದರೆ 5 ಆರಿಸಿ. ಎಲ್ಲ ಅಡಾಪ್ಟರ್‌ಗಳಲ್ಲೂ ಇದು ಇರುವುದಿಲ್ಲ.

ಪರೀಕ್ಷೆ ಮಾಡುವಾಗ ಲ್ಯಾಪ್‌ಟಾಪ್ ಮುಟ್ಟಬೇಡಿ. ರೌಟರ್ ಮಾತ್ರ ಆಫ್ ಮಾಡಿ ಆನ್ ಮಾಡಿ, ಎರಡು ನಿಮಿಷ ಬಿಟ್ಟು ಅದೇ ಕಮಾಂಡ್ ಕೊಡಿ. ನನ್ನದರಲ್ಲಿ ಈಗ 36 ಬರುತ್ತಿದೆ. ದೂರದ ಕೋಣೆಗೆ ಹೋದರೆ ಮಾತ್ರ 6ಕ್ಕೆ ಇಳಿಯುತ್ತದೆ. ಅಲ್ಲಿ 5ರ ಸಿಗ್ನಲ್ ಕ್ಷೀಣ, ಅದು ಇಳಿಯುವುದೇ ಸರಿ.