ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ: ಏಳು ನಿಮಿಷದ ಎಪಿಸೋಡ್‌ಗಳಲ್ಲಿ ಒಂದು ಸೀಸನ್ ಕಟ್ಟಿದ್ದು

ನಮ್ಮ ವೆಬ್ ಸೀರೀಸ್‌ನ ಹತ್ತೂ ಎಪಿಸೋಡ್ ಹೊರಬಂದಿವೆ. ಮೊದಲನೆಯದನ್ನು ನೋಡಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಕೊನೆಯದನ್ನೂ ನೋಡಿದ್ದಾರೆ. ಹಿಂದಿನ ಸೀರೀಸ್‌ನಲ್ಲಿ ಮೂರನೇ ಎಪಿಸೋಡಿಗೇ ಅರ್ಧಕ್ಕಿಂತ ಹೆಚ್ಚು ಮಂದಿ ಬಿಟ್ಟುಹೋಗಿದ್ದರು. ಈ ಸಲದ ಪ್ಲಾನ್ ತೋರಿಸಿದಾಗ ಎಡಿಟರ್ರೂ ಕ್ಯಾಮೆರಾ ಮಾಡುವ ಗೆಳೆಯನೂ ಹೇಳಿದ್ದು ಒಂದೇ ಮಾತು: "ಇದ್ರಲ್ಲಿ ಏನೂ ನಡಿಯೋದೇ ಇಲ್ವಲ್ಲ." ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಿಂದಿನ ಸೀರೀಸ್ ಮುಳುಗಿದ್ದು ಕಥೆ ಕೆಟ್ಟದಾಗಿದ್ದರಿಂದ ಅಲ್ಲ. ಅದು ಒಂದೂವರೆ ಗಂಟೆಯ ಸಿನಿಮಾ ಕಥೆ, ಹತ್ತು ತುಂಡಾಗಿತ್ತು ಅಷ್ಟೇ. ಪ್ರತಿ ತುಂಡಿನ ಮೊದಲ ಒಂದು ನಿಮಿಷ ಹಿಂದೆ ಏನಾಯಿತು ಅಂತ ನೆನಪಿಸುವುದಕ್ಕೇ ಹೋಗುತ್ತಿತ್ತು. ಗ್ರಾಫ್ ನೋಡಿದರೆ ಜನ ಎದ್ದುಹೋಗಿದ್ದು ಸರಿಯಾಗಿ ಅಲ್ಲೇ. ಅದರ ಮೇಲೆ ಕಥೆ ಮುಂದೆ ಹೋಗಬೇಕೆಂದರೆ ಪ್ರತಿ ಸಲ ಏನಾದರೂ ದೊಡ್ಡದು ನಡೆಯಬೇಕು. ಆಸ್ಪತ್ರೆ, ಸ್ಟೇಷನ್, ಮದುವೆ ಅಂತ ಹನ್ನೆರಡು ಲೊಕೇಶನ್ ಆಯಿತು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಯೂನಿಟ್ ಸಾಗಿಸುವುದು, ಲೈಟ್ ಮತ್ತೆ ಕಟ್ಟುವುದು, ಜಾಗದ ಬಾಡಿಗೆ, ಇವುಗಳಿಗೇ ಬಜೆಟ್‌ನ ಹತ್ತಿರ ಹತ್ತಿರ ಅರ್ಧ ಕರಗಿತು.

ಈ ಸಲ ಎರಡು ಕಥೆಗಳನ್ನು ಬೇರೆ ಬೇರೆ ಇಟ್ಟೆ. ಎಪಿಸೋಡಿನ ಕಥೆ ಅದೇ ಏಳು ನಿಮಿಷದಲ್ಲಿ ಶುರುವಾಗಿ ಮುಗಿಯಬೇಕು. ಸೀಸನ್ ಕಥೆಗೆ ಅದರೊಳಗೆ ಹೆಚ್ಚೆಂದರೆ ಒಂದು ನಿಮಿಷ. ಮೊಬೈಲ್ ರಿಪೇರಿ ಅಂಗಡಿಯೊಂದನ್ನು ಆರಿಸಿಕೊಂಡದ್ದು ಇದಕ್ಕಾಗಿಯೇ. ಪ್ರತಿ ಎಪಿಸೋಡಿಗೂ ಒಬ್ಬ ಹೊಸ ಗಿರಾಕಿ ಕೆಟ್ಟ ಫೋನಿನ ಜೊತೆ ಒಂದು ತಾಪತ್ರಯವನ್ನೂ ತರುತ್ತಾನೆ. ಖಾಯಂ ಪಾತ್ರಗಳು ನಾಲ್ಕೇ: ಅಂಗಡಿ ನಡೆಸುವ ಸರಳಾ, ಕೆಲಸಕ್ಕಿರುವ ಗಿರಿ, ದಿನವೂ ಬಂದು ಕೂರುವ ಶಂಕರಪ್ಪ, ಸಂಜೆ ಲೆಕ್ಕ ಬರೆಯುವ ವೀಣಾ.

ಸೀಸನ್ ಕಥೆ ಒಂದೇ ಒಂದು ಗುಟ್ಟು. ಅಂಗಡಿ ಬಿಟ್ಟುಕೊಡಲು ಸರಳಾ ಸಹಿ ಹಾಕಿ ಅಡ್ವಾನ್ಸ್ ತೆಗೆದುಕೊಂಡಿದ್ದಾಳೆ, ಯಾರಿಗೂ ಹೇಳಿಲ್ಲ. ಇದಾದ ಮೇಲೆ ಹೊರಗಡೆ ಏನೂ ನಡೆಯಬೇಕಾಗಿಲ್ಲ. ಗುಟ್ಟು ಒಬ್ಬರಿಂದ ಒಬ್ಬರಿಗೆ ದಾಟಿದರೆ ಸಾಕು. ದಾಟುವುದಕ್ಕೆ ಒಂದು ಮಾತು, ಕೆಲವೊಮ್ಮೆ ಒಂದು ನೋಟ ಸಾಕಾಗುತ್ತದೆ, ಅದಕ್ಕೆ ಖರ್ಚೂ ಇಲ್ಲ.

ಒಂದು ದೊಡ್ಡ ಹಾಳೆಯಲ್ಲಿ ಅಡ್ಡಕ್ಕೆ ಹತ್ತು ಎಪಿಸೋಡ್, ಉದ್ದಕ್ಕೆ ನಾಲ್ಕು ಪಾತ್ರ ಬರೆದು, ಐದನೇ ಸಾಲು ಪ್ರೇಕ್ಷಕರಿಗೆ ಬಿಟ್ಟೆ. ಹಾಳೆಯಲ್ಲಿ ಹೀಗೆ ಆದ ಒಂದೊಂದು ಚೌಕವೂ ಒಂದು ಮನೆ. ಆ ಎಪಿಸೋಡ್ ಮುಗಿಯುವ ಹೊತ್ತಿಗೆ ಆ ಸಾಲಿನವರಿಗೆ ಏನು ಗೊತ್ತು ಅನ್ನುವುದನ್ನು ಮಾತ್ರ ಪ್ರತಿ ಮನೆಯಲ್ಲಿ ಬರೆಯಬೇಕು. ಒಂದು ಎಪಿಸೋಡಿನಲ್ಲಿ ಒಂದೇ ಮನೆ ಬದಲಾಗಬೇಕು. ಯಾವ ಮನೆಯೂ ಬದಲಾಗದಿದ್ದರೆ ಆ ಎಪಿಸೋಡ್ ಬಿಟ್ಟು ನೋಡಿದರೂ ನಡೆಯುತ್ತದೆ ಅಂತ ಅರ್ಥ, ಎರಡು ಬದಲಾದರೆ ಗಿರಾಕಿಯ ಕಥೆಗೆ ಜಾಗ ಉಳಿಯುವುದಿಲ್ಲ.

ಒಂದನೇ ಎಪಿಸೋಡಿನ ಕೊನೆಗೆ ಪ್ರೇಕ್ಷಕರಿಗೆ ಗೊತ್ತಾಗುತ್ತದೆ. ಎರಡರಲ್ಲಿ ಶಂಕರಪ್ಪನಿಗೆ ಅನುಮಾನ. ಮೂರರಲ್ಲಿ ಅವನಿಗೆ ಅನುಮಾನ ಬಂದಿದೆ ಅನ್ನುವುದು ಸರಳಾಗೆ ಗೊತ್ತಾಗುತ್ತದೆ. ಈ ಬಗೆಯ ಬದಲಾವಣೆಯೇ ನನಗೆ ಅತ್ಯಂತ ಲಾಭ ತಂದದ್ದು. ಹೊಸ ಸಂಗತಿ ಏನೂ ಸೇರದೆ, ಇಬ್ಬರು ಪಕ್ಕದಲ್ಲಿ ಕೂತರೆ ಸಾಕು, ದೃಶ್ಯ ಬಿಗಿಯುತ್ತದೆ. ಆರರ ಹೊತ್ತಿಗೆ ಗಿರಿ ಅಂಗಡಿಯನ್ನೇ ನಂಬಿಕೊಂಡು ಸಾಲ ಮಾಡಿ ಫೋನಿನ ಸರ್ಕ್ಯೂಟ್ ಬೋರ್ಡ್ ಕೆಲಸಕ್ಕೆ ಮೈಕ್ರೋಸ್ಕೋಪ್ ತರುತ್ತಾನೆ, ಸಾಲದ ವಿಷಯ ಸರಳಾ ಕಿವಿಗೆ ಬೀಳುತ್ತದೆ. ನಾಲ್ಕು, ಐದರ ಮನೆಗಳನ್ನು ಇಲ್ಲಿ ಬಿಚ್ಚುವುದಿಲ್ಲ, ಅದೇ ತಂತ್ರ ಎರಡನೇ ಸೀಸನ್ನಿಗೂ ಬೇಕು.

ಜಗಳ ಆದದ್ದು ಏಳರ ಬಗ್ಗೆ. ಗಿರಿಗೆ ಗುಟ್ಟು ಗೊತ್ತಾಗುವುದನ್ನು ಹತ್ತಕ್ಕೆ ಇಡಬೇಕು ಅಂತ ಎಲ್ಲರೂ ಹಟ ಹಿಡಿದರು. ಹಾಗೆ ಇಟ್ಟೂ ಬರೆದು ನೋಡಿದೆವು. ಏಳು, ಎಂಟು, ಒಂಬತ್ತು ಮೂರೂ ಕಾಲಹರಣ: ಅವನು ಬಾಗಿಲ ಹತ್ತಿರ ಬರುವುದು, ಸರಳಾ ಮಾತು ನಿಲ್ಲಿಸುವುದು. ಏಳಕ್ಕೆ ತಂದ ಮೇಲೆ ಎಂಟನೇ ಎಪಿಸೋಡ್ ತಾನಾಗಿ ಹುಟ್ಟಿತು. ಅವನಿಗೆ ಗೊತ್ತಿದೆ, ಅವನಿಗೆ ಗೊತ್ತಿರುವುದು ಅವಳಿಗೆ ಗೊತ್ತಿಲ್ಲ. ಗಿರಿ ಮೈಕ್ರೋಸ್ಕೋಪಿನ ಸ್ಟ್ಯಾಂಡ್ ಹಿಡಿದು ಕೇಳುತ್ತಾನೆ: "ಅಕ್ಕ, ಇದನ್ನ ಟೇಬಲ್‌ಗೆ ಸ್ಕ್ರೂ ಹಾಕಿ ಕೂರಿಸ್ಲಾ?" ಸರಳಾ ತಲೆ ಎತ್ತದೆ "ಕೂರ್ಸು" ಅನ್ನುತ್ತಾಳೆ. ಅವನು ಸ್ಕ್ರೂಡ್ರೈವರ್ ತೆಗೆದುಕೊಂಡು, ಸ್ವಲ್ಪ ಹೊತ್ತು ಬಿಟ್ಟು, "ಬೇಡ ಬಿಡಿ, ಹಾಗೇ ಇರ್ಲಿ" ಅಂತ ಕೆಳಗಿಡುತ್ತಾನೆ. ಒಂದು ನಿಮಿಷವೂ ಇಲ್ಲದ ಈ ದೃಶ್ಯಕ್ಕೆ ಬಂದಷ್ಟು ಕಾಮೆಂಟ್ ಇಡೀ ಹಿಂದಿನ ಸೀರೀಸ್‌ಗೆ ಬಂದಿರಲಿಲ್ಲ. ಎಡಿಟರ್ ಈಗ ತನ್ನ ಕೆಲಸಕ್ಕೂ ಇದೇ ಹಾಳೆ ಗೀಚುತ್ತಾನೆ.

ಶೂಟಿಂಗಿಗೆ ಮುಂಚೆ ಒಂದು ಪರೀಕ್ಷೆ ಇಟ್ಟಿದ್ದೆ. ಕಥೆ ಏನೂ ಗೊತ್ತಿಲ್ಲದ ಒಬ್ಬರಿಗೆ ನಡುವಿನ ಒಂದು ಎಪಿಸೋಡಿನ ಸ್ಕ್ರಿಪ್ಟ್ ಮಾತ್ರ ಕೊಟ್ಟು, ಯಾರು ಯಾರಿಂದ ಏನೋ ಮುಚ್ಚಿಡುತ್ತಿದ್ದಾರೆ ಅಂತ ಕೇಳುವುದು. ಗುಟ್ಟು ಏನೆಂದು ಹೇಳಬೇಕಿಲ್ಲ, ಯಾರು ಯಾರಿಂದ ಅನ್ನುವಷ್ಟು ಹೇಳಿದರೆ ಪಾಸ್. ಐದನೆಯದು ಈ ಪರೀಕ್ಷೆಯಲ್ಲಿ ಪದೇಪದೇ ಬಿತ್ತು. ವೀಣಾ ಆ ಎಪಿಸೋಡಿನಲ್ಲಿ ಸರಳಾ ಎದುರಿಗೆ ಬರುತ್ತಲೇ ಇರಲಿಲ್ಲ. ಮುಚ್ಚಿಡುವವರು, ಯಾರಿಂದ ಮುಚ್ಚಿಡುತ್ತಾರೋ ಅವರು, ಇಬ್ಬರೂ ಒಂದೇ ಫ್ರೇಮಿನಲ್ಲಿ ಒಮ್ಮೆಯಾದರೂ ಇರಬೇಕು.

ದುಡ್ಡು ಉಳಿದದ್ದು ಶೂಟಿಂಗಿನಲ್ಲಿ. ಎಪಿಸೋಡ್ ಲೆಕ್ಕದಲ್ಲಿ ತೆಗೆಯಲಿಲ್ಲ. ಅಂಗಡಿಯ ಹಗಲಿನ ದೃಶ್ಯಗಳೆಲ್ಲ ಒಟ್ಟಿಗೆ, ರಾತ್ರಿಯವು ಒಟ್ಟಿಗೆ. ಒಂದೇ ಜಾಗದಲ್ಲಿ ದಿನಕ್ಕೆ ಸ್ಕ್ರಿಪ್ಟಿನ ಏಳೆಂಟು ಪುಟ ಆಗುತ್ತಿತ್ತು, ಹಿಂದೆ ಅಲೆದಾಡುವಾಗ ಮೂರು ನಾಲ್ಕು ಪುಟವೇ ಹೆಚ್ಚು. ಒಟ್ಟು ಖರ್ಚು ಹಿಂದಿನದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಶಂಕರಪ್ಪನ ಪಾತ್ರ ಮಾಡಿದ ಹಿರಿಯ ಕಲಾವಿದರ ಡೇಟ್ ಸಿಗುವುದು ಕಷ್ಟವಾದ್ದರಿಂದ ಅವರಿಗೆ ಒಂದೇ ಬೆಂಚು ಕೊಟ್ಟು, ಹತ್ತೂ ಎಪಿಸೋಡಿನ ಅವರ ಭಾಗವನ್ನು ಮೊದಲೇ ಮುಗಿಸಿದೆವು. ಹೀಗೆ ಕಲಸಿ ತೆಗೆಯುವಾಗ ನಟರಿಗೆ ದಾರಿ ತಪ್ಪುತ್ತದೆ. ಬೆಳಗ್ಗೆ ಎರಡನೇ ಎಪಿಸೋಡು, ಮಧ್ಯಾಹ್ನ ಒಂಬತ್ತನೆಯದು. ಬಟ್ಟೆ, ಗಡ್ಡ ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೊಂದುವುದನ್ನು, ಅಂದರೆ ಕಂಟಿನ್ಯುಟಿಯನ್ನು, ಫೋಟೋ ನೋಡಿ ಸರಿ ಮಾಡಬಹುದು, ಮುಖದ ಕಂಟಿನ್ಯುಟಿಗೆ ಅದೇ ಹಾಳೆ ಬೇಕು. ಪ್ರತಿ ಶಾಟಿಗೆ ಮುಂಚೆ ಗಿರಿ ಮಾಡಿದ ಹುಡುಗನಿಗೆ ಅವನ ಮನೆಯಲ್ಲಿ ಬರೆದದ್ದನ್ನು ಓದಿ ಹೇಳುತ್ತಿದ್ದೆ, ಬೇರೆ ನಿರ್ದೇಶನ ಹೆಚ್ಚು ಬೇಕಾಗಲಿಲ್ಲ.

ನಡುವೆ ಎರಡು ಎಪಿಸೋಡನ್ನು ಫೋನಿಗೆ ಹೊಂದುವ ಹಾಗೆ ನಿಲುವು ಚೌಕಟ್ಟಿನಲ್ಲಿ, ಎರಡೆರಡು ನಿಮಿಷಕ್ಕೆ ಕತ್ತರಿಸಿ ನೋಡಿದೆವು. ಗಿರಾಕಿಗಳ ಕಥೆ ಚೆನ್ನಾಗಿ ಓಡಿತು, ಗುಟ್ಟು ಓಡಲಿಲ್ಲ. ಆ ಚೌಕಟ್ಟಿನಲ್ಲಿ ಕೌಂಟರಿನ ಎರಡು ಬದಿ ಕೂತವರು ಒಟ್ಟಿಗೆ ಹಿಡಿಸುವುದಿಲ್ಲ. ಮುಂದಿನ ಸಲ ಒಬ್ಬರ ಹಿಂದೆ ಒಬ್ಬರನ್ನು ನಿಲ್ಲಿಸಿ ತೆಗೆಯಬೇಕೆಂದಿದ್ದೇನೆ.

ಬಿಡುಗಡೆಗೆ ಮುಂಚೆ ಐದು ಎಪಿಸೋಡ್ ಪೂರ್ತಿ ತಯಾರಿದ್ದವು, ವಾರಕ್ಕೆ ಒಂದು ಬಿಟ್ಟೆವು. ಹತ್ತರ ಕೊನೆಗೆ ಹಾಳೆಯಲ್ಲಿ ಒಂದು ಮನೆ ಖಾಲಿ ಉಳಿಸಿದ್ದೇನೆ: ಸರಳಾ ಆ ಅಡ್ವಾನ್ಸ್ ತೆಗೆದುಕೊಂಡದ್ದು ಯಾಕೆ ಅನ್ನುವುದು ವೀಣಾಗೆ ಇನ್ನೂ ಗೊತ್ತಿಲ್ಲ. ಎರಡನೇ ಸೀಸನ್ನಿನ ಹಾಳೆಯಲ್ಲಿ ಮೊದಲು ತುಂಬುವುದು ಆ ಮನೆಯನ್ನೇ.