ವೀಸಾಕ್ಕಾಗಿ ವೇತನ ಪ್ರಮಾಣಪತ್ರವನ್ನು ನಾನು ಎರಡು ಬಾರಿ ಕೇಳಬೇಕಾಗಿ ಬಂದದ್ದು

ಪ್ರವಾಸಿ ವೀಸಾಕ್ಕೆ ಅರ್ಜಿ ಹಾಕುವಾಗ ನಾನು ಎಚ್‌ಆರ್ ವಿಭಾಗಕ್ಕೆ ‘ವೇತನ ಪ್ರಮಾಣಪತ್ರ ಬೇಕು’ ಎಂಬ ಒಂದೇ ಸಾಲಿನ ಇಮೇಲ್ ಕಳುಹಿಸಿದ್ದೆ. ಬಂದ ಪತ್ರವೂ ಹೆಚ್ಚುಕಡಿಮೆ ಅಷ್ಟೇ ಉದ್ದವಿತ್ತು: ನನ್ನ ಹೆಸರು, ಹುದ್ದೆ, ತಿಂಗಳ ವೇತನ 60,000. ಆದರೆ ನನ್ನ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಪ್ರತಿ ತಿಂಗಳೂ ಜಮೆಯಾಗುತ್ತಿದ್ದುದು 48,500. ಅರ್ಜಿ ಪರಿಶೀಲಿಸಿದವರು ಈ ವ್ಯತ್ಯಾಸಕ್ಕೆ ವಿವರಣೆ ಕೇಳಿದರು.

ತಪ್ಪು ಎಚ್‌ಆರ್‌ನವರದಲ್ಲ, ಪತ್ರ ಯಾರಿಗೆ, ಯಾವುದಕ್ಕೆ ಎಂಬುದನ್ನೇ ನಾನು ತಿಳಿಸಿರಲಿಲ್ಲ. ಎರಡನೆಯ ಬಾರಿ ಉದ್ದೇಶ, ಪತ್ರವನ್ನು ಯಾರ ಹೆಸರಿಗೆ ಬರೆಯಬೇಕು, ಯಾವ ದಿನದೊಳಗೆ ಬೇಕು ಎಂಬುದನ್ನು ಬರೆದು, ಕರಡನ್ನೂ ಇತ್ತೀಚಿನ ವೇತನ ಚೀಟಿಯನ್ನೂ ಲಗತ್ತಿಸಿದೆ. ಕರಡಿನಲ್ಲಿ ಮೂಲ ವೇತನ 36,000, ಭತ್ಯೆಗಳು 24,000, ತೆರಿಗೆ ಮತ್ತು ಭವಿಷ್ಯ ನಿಧಿಯ ಕಡಿತ 6,500, ಸಂಸ್ಥೆಯಿಂದ ಪಡೆದಿದ್ದ ಮುಂಗಡದ ಕಂತು 5,000, ಕೊನೆಯಲ್ಲಿ ಕೈಗೆ ಬರುವ ನಿವ್ವಳ ವೇತನ 48,500 ಎಂದು ಬಿಡಿಸಿ ತೋರಿಸಿದ್ದರಿಂದ, ಪತ್ರ, ವೇತನ ಚೀಟಿ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಮೂರೂ ಒಂದಕ್ಕೊಂದು ತಾಳೆಯಾದವು. ಮುಂಗಡದ ಕಂತನ್ನು ಮುಚ್ಚಿಡಬೇಕೆಂದು ನನಗೂ ಅನ್ನಿಸಿತ್ತು. ಆದರೆ ಅದನ್ನು ಬಿಟ್ಟಿದ್ದರೆ ಲೆಕ್ಕ ಮತ್ತೆ 5,000ದಷ್ಟು ತಪ್ಪುತ್ತಿತ್ತು.

ಹೆಸರನ್ನು ಪಾಸ್‌ಪೋರ್ಟಿನಲ್ಲಿರುವಂತೆಯೇ ಬರೆಸಿದೆ, ಏಕೆಂದರೆ ಕಚೇರಿಯ ದಾಖಲೆಯಲ್ಲಿ ನನ್ನ ಹೆಸರಿನ ಮುಂದೆ ಇನಿಷಿಯಲ್ ಮಾತ್ರ ಇತ್ತು. ಸೇವೆಗೆ ಸೇರಿದ ದಿನಾಂಕ, ಹುದ್ದೆ ಕಾಯಂ ಆಗಿರುವುದು, ಪಾಸ್‌ಪೋರ್ಟ್ ಸಂಖ್ಯೆ ಇವೂ ಸೇರಿದವು. ವೀಸಾದ ಮಟ್ಟಿಗೆ ಇನ್ನೊಂದು ಸಾಲು ವೇತನದಷ್ಟೇ ಮುಖ್ಯ: ಯಾವ ದಿನದಿಂದ ಯಾವ ದಿನದವರೆಗೆ ರಜೆ ಮಂಜೂರಾಗಿದೆ, ರಜೆಯ ನಂತರ ನೌಕರ ಅದೇ ಹುದ್ದೆಗೆ ಮರಳುತ್ತಾನೆ ಎಂಬುದು. ಈ ದಿನಾಂಕಗಳು ಪ್ರಯಾಣದ ಟಿಕೆಟ್ಟಿನ ದಿನಾಂಕಗಳಿಗೆ ಹೊಂದಬೇಕು. ಮುಂದೆ ಸಾಲಕ್ಕಾಗಿ ಕೇಳಿದಾಗ ರಜೆಯ ಸಾಲಿನ ಅಗತ್ಯವಿರಲಿಲ್ಲ. ಅಲ್ಲಿ ಸಾಲ ಕೊಡುವವರು ನೋಡಿದ್ದು ಸೇವೆಯ ಅವಧಿಯನ್ನೂ ಕಡಿತಗಳನ್ನೂ, ಏಕೆಂದರೆ ಹೊಸ ಕಂತಿಗೆ ಎಷ್ಟು ಉಳಿಯುತ್ತದೆಂಬುದು ಅದರಿಂದಲೇ ತಿಳಿಯುತ್ತದೆ.

ಪತ್ರ ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿರಬೇಕು. ಸಹಿಯ ಕೆಳಗೆ ಸಹಿ ಮಾಡಿದವರ ಹೆಸರು, ಹುದ್ದೆ, ಕಚೇರಿಯ ದೂರವಾಣಿ ಮತ್ತು ಇಮೇಲ್ ಇರಬೇಕು. ಪರಿಶೀಲನೆಗೆ ಕರೆ ಬರುವುದುಂಟು. ಅದಕ್ಕೇ ಸಹಿ ಮಾಡಿದ ಅಧಿಕಾರಿಗೆ ನಾನು ಮೊದಲೇ ವಿಷಯ ತಿಳಿಸಿಟ್ಟೆ. ಹಳೆಯ ಪತ್ರವನ್ನು ಒಪ್ಪದ ಕಚೇರಿಗಳೂ ಇರುವುದರಿಂದ, ಅರ್ಜಿ ಸಲ್ಲಿಸುವ ದಿನ ಖಚಿತವಾದ ಮೇಲೆಯೇ ಸಹಿ ಮಾಡಿಸಿ, ಮುದ್ರಿತ ಪ್ರತಿಯ ಪ್ರತಿಯೊಂದು ಅಂಕಿಯನ್ನೂ ಎಚ್‌ಆರ್‌ನವರ ಮೇಜಿನ ಮುಂದೆ ನಿಂತೇ ವೇತನ ಚೀಟಿಯೊಂದಿಗೆ ಹೋಲಿಸಿ ನೋಡಿ, ಆಮೇಲೆ ಪತ್ರವನ್ನು ತೆಗೆದುಕೊಂಡೆ.